ಬಲವೋ ಎಡವೋ: ಹೃದಯದ ತಳಕ್ಕೆ ರಕ್ತ ಕೊಡುವ ನಾಳ ಯಾವುದು?

ಆಂಜಿಯೋಗ್ರಾಂ ವರದಿ ಕೈಗೆ ಬಂದಾಗ ಮನೆಯವರು ಮೊದಲು ಹುಡುಕುವುದು ಬ್ಲಾಕ್ ಎಷ್ಟು ಪರ್ಸೆಂಟ್ ಎಂಬುದನ್ನು. ಅದೇ ಹಾಳೆಯಲ್ಲಿ ಎಲ್ಲೋ ಒಂದು ಕಡೆ ‘ರೈಟ್ ಡಾಮಿನೆಂಟ್ ಸಿಸ್ಟಂ’ ಎಂದೂ ಬರೆದಿರುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಹೊರರೋಗಿ ವಿಭಾಗದ ಗದ್ದಲದಲ್ಲಿ ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಡಾಕ್ಟರಿಗೂ ಇರುವುದಿಲ್ಲ. ಆದರೆ ಒಂದು ನಾಳ ಮುಚ್ಚಿಹೋದರೆ ಹೃದಯದ ಯಾವ ಗೋಡೆಗೆ ಪೆಟ್ಟು ಬೀಳುತ್ತದೆ ಎಂಬುದರ ಅರ್ಧ ಉತ್ತರ ಆ ಮೂರು ಪದಗಳಲ್ಲೇ ಇದೆ.

ಹೃದಯದ ಸ್ನಾಯುವಿಗೆ ರಕ್ತ ಬರುವುದು ಪರಿಧಮನಿಗಳಿಂದ. ಮಹಾಪಧಮನಿ ಹೃದಯದಿಂದ ಹೊರಡುವ ಜಾಗದಲ್ಲೇ, ಕವಾಟದ ಸ್ವಲ್ಪ ಮೇಲೆ, ಎಡಕ್ಕೊಂದು ಬಲಕ್ಕೊಂದು ನಾಳ ಕವಲೊಡೆಯುತ್ತವೆ. ಎಡ ನಾಳದ ಗಿಡ್ಡ ಕಾಂಡಕ್ಕೆ ಲೆಫ್ಟ್ ಮೇನ್ ಎಂದು ಹೆಸರು. ಅದು ಬೇಗನೆ ಇಬ್ಭಾಗವಾಗುತ್ತದೆ. ಎಲ್‌ಎಡಿ ಎಂಬ ಕವಲು ಮುಂಭಾಗದಲ್ಲಿ ತುದಿಯವರೆಗೆ ಇಳಿದು ಮುಂಗೋಡೆಗೂ ಎರಡು ಹೃತ್ಕುಕ್ಷಿಗಳ ನಡುಗೋಡೆಯ ಬಹುಪಾಲಿಗೂ ರಕ್ತ ಕೊಡುತ್ತದೆ. ಸರ್ಕಮ್‌ಫ್ಲೆಕ್ಸ್ ಎಂಬ ಇನ್ನೊಂದು ಕವಲು ಎಡಕ್ಕೆ ಹೊರಳಿ ಪಕ್ಕದ ಗೋಡೆಯನ್ನು ನೋಡಿಕೊಳ್ಳುತ್ತದೆ. ಬಲ ಪರಿಧಮನಿ, ಅಂದರೆ ಆರ್‌ಸಿಎ, ಬಲಗಡೆಯ ಅಂಚನ್ನು ಬಳಸಿಕೊಂಡು ಹಿಂದಕ್ಕೆ ಹೋಗುತ್ತದೆ. ಸರ್ಕಮ್‌ಫ್ಲೆಕ್ಸ್ ಎಡಗಡೆಯಿಂದ, ಆರ್‌ಸಿಎ ಬಲಗಡೆಯಿಂದ ಹೊರಟು ಹಿಂಭಾಗದಲ್ಲಿ ಒಂದನ್ನೊಂದು ಸಮೀಪಿಸುತ್ತವೆ. ಇಲ್ಲಿಂದ ಮುಂದೆ ಎಲ್ಲರ ಹೃದಯವೂ ಒಂದೇ ತೆರನಾಗಿರುವುದಿಲ್ಲ.

ಹೃದಯದ ಕೆಳಮೈಯಲ್ಲಿ, ನಡುಗೋಡೆಯ ಗುಂಟ ತುದಿಯ ಕಡೆಗೆ ಇಳಿಯುವ ನಾಳವೊಂದಿದೆ. ವೈದ್ಯರು ಅದನ್ನು ಪಿಡಿಎ ಎನ್ನುತ್ತಾರೆ. ಅದು ಯಾವ ಕಡೆಯಿಂದ ಹುಟ್ಟುತ್ತದೋ ಆ ಕಡೆ ‘ಡಾಮಿನೆಂಟ್’. ಹತ್ತರಲ್ಲಿ ಸುಮಾರು ಎಂಟು ಜನರಲ್ಲಿ ಅದು ಬಲ ನಾಳದಿಂದ ಬರುತ್ತದೆ, ಹತ್ತರಲ್ಲಿ ಒಬ್ಬರ ಆಸುಪಾಸಿನಲ್ಲಿ ಸರ್ಕಮ್‌ಫ್ಲೆಕ್ಸಿನಿಂದ. ಉಳಿದವರಲ್ಲಿ ಎರಡೂ ಕಡೆಯವು ಆ ಕೆಲಸವನ್ನು ಹಂಚಿಕೊಳ್ಳುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ರೈಟ್ ಡಾಮಿನೆಂಟ್ ಎಂದ ಮಾತ್ರಕ್ಕೆ ಬಲ ನಾಳವೇ ಹೆಚ್ಚು ರಕ್ತ ಕೊಡುತ್ತದೆ ಎಂದಲ್ಲ. ಅಂಥ ಹೃದಯದಲ್ಲೂ ಎಡ ಹೃತ್ಕುಕ್ಷಿಯ ಬಹುಪಾಲು ಸ್ನಾಯುವನ್ನು ಸಾಕುವುದು ಎಡ ನಾಳವೇ.

ಈ ವಿಂಗಡಣೆ ಶುರುವಾದದ್ದು ಶವಾಗಾರದಲ್ಲಿ. ಅಮೆರಿಕದ ಬಾಸ್ಟನ್ನಿನ ರೋಗಶಾಸ್ತ್ರಜ್ಞ ಶ್ಲೆಸಿಂಜರ್ 1930ರ ದಶಕದ ಕೊನೆಯಲ್ಲಿ ತೀರಿಕೊಂಡವರ ಹೃದಯಗಳ ನಾಳಗಳಿಗೆ ಸೀಸ ಬೆರೆಸಿದ ಅಗಾರ್ ತುಂಬುತ್ತಿದ್ದರು. ಆಮೇಲೆ ಆ ಹೃದಯವನ್ನು ಜಾಣತನದಿಂದ ಕತ್ತರಿಸಿ, ಚಪ್ಪಟೆಯಾಗಿ ಬಿಡಿಸಿ ಹಾಸಿ ಎಕ್ಸ್‌ರೇ ತೆಗೆಯುತ್ತಿದ್ದರು. ಉಂಡೆಯಾಗಿದ್ದಾಗ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದ ನಾಳಗಳು ಹಾಸಿದ ಮೇಲೆ ಕವಲು ಕವಲಾಗಿ ಕಾಣುತ್ತಿದ್ದವು. 1940ರಲ್ಲಿ ಅವರು ಬಲ, ಎಡ, ಸಮತೋಲ ಎಂಬ ಮೂರು ಬಗೆಗಳನ್ನು ಮುಂದಿಟ್ಟರು. ಅವರ ಅಳತೆಗೋಲು ಇಂದಿನದಲ್ಲ, ಅದಕ್ಕೇ ಅವರ ಲೆಕ್ಕದಲ್ಲಿ ಬಲದ ಪಾಲು ಈಗ ಹೇಳುವುದಕ್ಕಿಂತ ಎಷ್ಟೋ ಕಡಿಮೆ ಇತ್ತು.

ಶವದಲ್ಲಿ ಕಂಡದ್ದನ್ನು ಬದುಕಿರುವವರಲ್ಲಿ ನೋಡುವುದು ಹೇಗೆ? ಪರಿಧಮನಿಯೊಳಗೆ ನೇರವಾಗಿ ಬಣ್ಣದ ದ್ರವ ಬಿಟ್ಟರೆ ಹೃದಯ ಲಯ ತಪ್ಪಿ ರೋಗಿ ಸಾಯುತ್ತಾನೆ ಎಂಬ ಭಯ ಆಗ ಎಲ್ಲರಲ್ಲೂ ಇತ್ತು. 1958ರ ಅಕ್ಟೋಬರ್ 30ರಂದು ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಮೇಸನ್ ಸೋನ್ಸ್, ಕವಾಟದ ರೋಗವಿದ್ದ ಯುವಕನೊಬ್ಬನ ಮಹಾಪಧಮನಿಯ ಚಿತ್ರ ತೆಗೆಯಲು ಹೊರಟಿದ್ದರು. ಕ್ಯಾತಿಟರಿನ ತುದಿ ಜಾರಿ ಬಲ ಪರಿಧಮನಿಯ ಬಾಯೊಳಗೆ ಕೂತಿತ್ತು. ದೊಡ್ಡ ನಾಳಕ್ಕೆಂದು ಅಳೆದಿಟ್ಟಿದ್ದ ಅಷ್ಟೂ ಬಣ್ಣ ಆ ಸಣ್ಣ ನಾಳಕ್ಕೆ ನುಗ್ಗಿತು. ಹೃದಯ ನಿಂತಿತು. ಸೋನ್ಸ್ ರೋಗಿಗೆ ಜೋರಾಗಿ ಕೆಮ್ಮಲು ಹೇಳಿದರು, ಕೆಮ್ಮಿದ ಮೇಲೆ ಬಡಿತ ಮರಳಿತು. ಆತ ಬದುಕಿದ. ಅಷ್ಟು ಬಣ್ಣವನ್ನೇ ತಡೆದುಕೊಂಡ ನಾಳ ಕಡಿಮೆ ಪ್ರಮಾಣವನ್ನು ಸಲೀಸಾಗಿ ತಡೆದುಕೊಂಡೀತು ಎಂದು ಸೋನ್ಸ್ ತರ್ಕಿಸಿದರು. ಒಂದೊಂದೇ ಪರಿಧಮನಿಯೊಳಗೆ ಹೊಕ್ಕು ಚಿತ್ರ ತೆಗೆಯುವ ಪದ್ಧತಿ ಬೆಳೆದದ್ದು ಹೀಗೆ. ಪಿಡಿಎ ಎಲ್ಲಿಂದ ಹೊರಡುತ್ತದೆ ಎಂದು ತಿಳಿಯಲು ಅಲ್ಲಿಂದ ಮುಂದೆ ಶವ ಬೇಕಾಗಲಿಲ್ಲ.

ಯಾವ ಕಡೆ ಡಾಮಿನೆಂಟ್ ಎಂಬುದರಿಂದ ಆಗುವ ವ್ಯತ್ಯಾಸವನ್ನು ಎರಡು ಹೃದಯಗಳಲ್ಲಿಟ್ಟು ನೋಡಬಹುದು. ಇಬ್ಬರು ಎದೆನೋವೆಂದು ತುರ್ತು ವಿಭಾಗಕ್ಕೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಇಬ್ಬರ ಇಸಿಜಿಯಲ್ಲೂ ಎರಡು, ಮೂರು ಮತ್ತು ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಗೆರೆ ಮೇಲೆದ್ದಿದೆ. ಅಂದರೆ ಇಬ್ಬರಲ್ಲೂ ಪೆಟ್ಟು ಬಿದ್ದಿರುವುದು ಹೃದಯದ ಕೆಳಗೋಡೆಗೆ.

ಮೊದಲನೆಯವರದು ಬಲಪ್ರಧಾನ ಹೃದಯ, ಮುಚ್ಚಿರುವುದು ಆರ್‌ಸಿಎ, ಅದೂ ಶುರುವಿನಲ್ಲೇ. ಎರಡನೇ ಲೀಡಿಗಿಂತ ಮೂರನೆಯದರಲ್ಲಿ ಏರಿಕೆ ಹೆಚ್ಚು, ಎವಿಎಲ್‌ನಲ್ಲಿ ಗೆರೆ ಕೆಳಗಿಳಿದಿದೆ. ನಾಡಿ ನಿಧಾನ, ಏಕೆಂದರೆ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ಸಂಕೇತ ದಾಟಿಸುವ ಎವಿ ಗಂಟಿಗೂ ರಕ್ತ ಬರುವುದು ಸಾಮಾನ್ಯವಾಗಿ ಡಾಮಿನೆಂಟ್ ನಾಳದಿಂದಲೇ. ನಾಳ ಶುರುವಿನಲ್ಲೇ ಮುಚ್ಚಿರುವುದರಿಂದ ಬಲ ಹೃತ್ಕುಕ್ಷಿಗೆ ಹೋಗುವ ಕವಲುಗಳಿಗೂ ರಕ್ತವಿಲ್ಲ. ಬಿಪಿ ಕುಸಿದಿದೆ, ಕುತ್ತಿಗೆಯ ರಕ್ತನಾಳ ಉಬ್ಬಿದೆ, ಸ್ಟೆತೊಸ್ಕೋಪ್ ಇಟ್ಟರೆ ಶ್ವಾಸಕೋಶ ಸ್ವಚ್ಛವಾಗಿ ಕೇಳುತ್ತದೆ. ಇಂಥವರ ನಾಲಿಗೆಯಡಿ ನಮ್ಮಲ್ಲಿ ಎದೆನೋವಿಗೆಲ್ಲ ಇಡುವ ಸಾರ್ಬಿಟ್ರೇಟ್ ಇಟ್ಟರೆ ಬಿಪಿ ಪಾತಾಳಕ್ಕಿಳಿಯಬಹುದು. ಸೋತ ಬಲ ಹೃತ್ಕುಕ್ಷಿ ಕೆಲಸ ಮಾಡಬೇಕಾದರೆ ಅದರೊಳಕ್ಕೆ ರಕ್ತ ಧಾರಾಳವಾಗಿ ಬರುತ್ತಿರಬೇಕು. ಮಾತ್ರೆ ರಕ್ತನಾಳಗಳನ್ನು ಸಡಿಲಿಸಿ ಆ ಒಳಹರಿವನ್ನೇ ತಗ್ಗಿಸುತ್ತದೆ. ಅದಕ್ಕೇ ಕೆಳಗೋಡೆಯ ಹೃದಯಾಘಾತ ಕಂಡ ಕೂಡಲೇ ಎದೆಯ ಬಲಭಾಗದಲ್ಲೂ ಒಂದು ಲೀಡ್ ಹಚ್ಚಿ ನೋಡುತ್ತಾರೆ.

ಎರಡನೆಯವರದು ಎಡಪ್ರಧಾನ ಹೃದಯ. ಇಲ್ಲಿ ಕೆಳಗೋಡೆಯನ್ನು ಕೆಡಿಸಿರುವುದು ಸರ್ಕಮ್‌ಫ್ಲೆಕ್ಸ್. ಎರಡನೇ ಲೀಡಿನ ಏರಿಕೆ ಮೂರನೆಯದಕ್ಕೆ ಸಮ ಅಥವಾ ಹೆಚ್ಚು, ಎವಿಎಲ್ ಇಳಿದಿಲ್ಲ, ಎದೆಯ ಎಡ ಪಕ್ಕದ ಲೀಡುಗಳಲ್ಲೂ ಏರಿಕೆ ಇದೆ. ಬಲ ಹೃತ್ಕುಕ್ಷಿಗೆ ಧಕ್ಕೆಯಿಲ್ಲ. ಬದಲಿಗೆ ಕೆಳಗೋಡೆಯೂ ಪಕ್ಕದ ಗೋಡೆಯೂ ಒಟ್ಟಿಗೆ ಹೋಗುತ್ತಿವೆ, ಎರಡೂ ಎಡ ಹೃತ್ಕುಕ್ಷಿಯವೇ. ಆರ್‌ಸಿಎಗೆ ಬಣ್ಣ ಬಿಟ್ಟರೆ ಸಣ್ಣ ಎಳೆಯೊಂದು ಬಲ ಅಂಚಿನವರೆಗೆ ಬಂದು ನಿಂತುಬಿಡುತ್ತದೆ. ಅನುಭವ ಕಡಿಮೆ ಇರುವವರು ಅದನ್ನೇ ರೋಗಗ್ರಸ್ತ ನಾಳವೆಂದು ಭಾವಿಸುವ ಅಪಾಯವಿದೆ, ಆದರೆ ಆ ನಾಳ ಹುಟ್ಟಿದ್ದೇ ಅಷ್ಟು.

ಇಬ್ಬರಿಗೂ ಬರಬಹುದಾದ ಒಂದು ತೊಡಕಿದೆ. ಮೈಟ್ರಲ್ ಕವಾಟದ ದಾರಗಳನ್ನು ಎಳೆದು ಹಿಡಿಯುವ ಎರಡು ಸ್ನಾಯುಗಳಲ್ಲಿ ಮುಂದಿನದಕ್ಕೆ ಸಾಮಾನ್ಯವಾಗಿ ಎರಡು ನಾಳಗಳ ರಕ್ತ ಬರುತ್ತದೆ, ಹಿಂದಿನದಕ್ಕೆ ಹೆಚ್ಚಾಗಿ ಒಂದೇ. ಆ ಒಂದು ಮುಚ್ಚಿದರೆ ಕೆಲವು ದಿನಗಳಲ್ಲಿ ಸ್ನಾಯು ಹರಿದುಹೋಗಬಹುದು. ಸುಧಾರಿಸುತ್ತಿದ್ದ ರೋಗಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಎದೆಯಲ್ಲಿ ಹಿಂದಿಲ್ಲದ ಮರ್ಮರ ಕೇಳಬಹುದು. ಆಗ ಎಕೋ ಮಾಡಿ ತಡವಿಲ್ಲದೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗುತ್ತದೆ.

ಇಸಿಜಿಯ ಸುಳಿವು ಎಲ್ಲ ಸಲವೂ ನಿಜವಾಗುವುದಿಲ್ಲ. ಸರ್ಕಮ್‌ಫ್ಲೆಕ್ಸ್ ಪೂರ್ತಿ ಮುಚ್ಚಿದ್ದರೂ ಮಾಮೂಲಿ ಹನ್ನೆರಡು ಲೀಡುಗಳು ಸುಮ್ಮನಿರುವುದುಂಟು, ಬೆನ್ನಿಗೆ ಲೀಡ್ ಹಚ್ಚಿದಾಗಷ್ಟೇ ಅದು ಸಿಕ್ಕಿಬೀಳುತ್ತದೆ. ಕೆಲವರಲ್ಲಿ ಎಲ್‌ಎಡಿ ತುದಿಯನ್ನು ಸುತ್ತಿಕೊಂಡು ಕೆಳಗೋಡೆಗೂ ಹಬ್ಬಿರುತ್ತದೆ, ಆಗ ಒಂದೇ ಬ್ಲಾಕಿನಿಂದ ಮುಂದೆಯೂ ಕೆಳಗೂ ಗೆರೆ ಏಳುತ್ತದೆ. ಹಳೆಯ ಬ್ಲಾಕಿದ್ದವರಲ್ಲಿ ಒಂದು ನಾಳದಿಂದ ಇನ್ನೊಂದಕ್ಕೆ ಒಳದಾರಿಗಳು ಬೆಳೆದಿರುತ್ತವೆ. ಎಷ್ಟೋ ವರ್ಷಗಳಿಂದ ಮುಚ್ಚಿರುವ ಎಲ್‌ಎಡಿಗೆ ಆರ್‌ಸಿಎಯೇ ರಕ್ತ ದಾಟಿಸುತ್ತಿದ್ದರೆ, ಆರ್‌ಸಿಎ ಮುಚ್ಚಿದ ದಿನ ಮುಂಗೋಡೆಯೂ ಸೋಲುತ್ತದೆ.

ಲೆಫ್ಟ್ ಮೇನ್‌ನಲ್ಲೇ ಬ್ಲಾಕ್ ಇದ್ದರೆ ಡಾಮಿನೆನ್ಸ್ ಮಾತು ಇನ್ನೂ ಗಂಭೀರ. ಬಲಪ್ರಧಾನ ಹೃದಯದಲ್ಲಿ ಕೆಳಗೋಡೆಯಾದರೂ ಬೇರೆ ನಾಳದ ಆಸರೆಯಲ್ಲಿರುತ್ತದೆ. ಎಡಪ್ರಧಾನ ಹೃದಯದಲ್ಲಾದರೆ ಎಡ ಹೃತ್ಕುಕ್ಷಿ ಹೆಚ್ಚುಕಡಿಮೆ ಇಡಿಯಾಗಿ ಆ ಒಂದು ಗಿಡ್ಡ ಕಾಂಡವನ್ನೇ ನಂಬಿರುತ್ತದೆ. ಬೈಪಾಸೋ ಸ್ಟೆಂಟೋ ಎಂದು ತೀರ್ಮಾನಿಸಲು ಬ್ಲಾಕುಗಳಿಗೆ ಅಂಕ ಹಾಕುವ ಸಿಂಟ್ಯಾಕ್ಸ್ ಸ್ಕೋರಿನಲ್ಲಿ ಮೊದಲು ಕೇಳುವ ಪ್ರಶ್ನೆಯೇ ಇದು: ಹೃದಯ ಬಲಪ್ರಧಾನವೋ, ಎಡಪ್ರಧಾನವೋ?