ನಿಮಗಿದು ಗೊತ್ತೇ? ನಾಲ್ಕೇ ಪದದ ಬೋರ್ಡಿನಲ್ಲಿ ಇಷ್ಟೊಂದು ವ್ಯಾಕರಣ!

ದೊಡ್ಡಬಳ್ಳಾಪುರ ಅಂದರೆ ಮಗ್ಗದ ಸದ್ದು, ರೇಷ್ಮೆ ಸೀರೆ. ಅಲ್ಲಿನ ಒಂದು ಸೀರೆ ಅಂಗಡಿಗೆ ‘ಸಿಲ್ಕ್ ಸಾರೀಸ್ ಸೋಲ್ಡ್ ಹಿಯರ್’ ಎಂಬ ಬೋರ್ಡನ್ನು ಕನ್ನಡದಲ್ಲಿ ಬರೆದುಕೊಡಬೇಕು ಅಂದುಕೊಳ್ಳಿ. ‘ಇಲ್ಲಿ ರೇಷ್ಮೆ ಸೀರೆಗಳು ದೊರೆಯುತ್ತವೆ.’ ಅಲ್ಲೂ ನಾಲ್ಕು ಪದ, ಇಲ್ಲೂ ನಾಲ್ಕೇ ಪದ. ಆದರೆ ಒಳಗೆ ಎಲ್ಲವೂ ಅದಲುಬದಲು!

ಇಂಗ್ಲಿಷಿನಲ್ಲಿ ಕಟ್ಟಕಡೆಗೆ ನಿಂತಿದ್ದ ‘ಹಿಯರ್’ ಕನ್ನಡದಲ್ಲಿ ‘ಇಲ್ಲಿ’ ಆಗಿ ಮೊದಲಿಗೇ ಬಂದು ಕೂತಿದೆ. ಕ್ರಿಯಾಪದ ಕೊನೆಗೆ ಹೋಗಿದೆ. ಕನ್ನಡದ ವಾಕ್ಯಕ್ಕೆ ಬಾಗಿಲು ಹಾಕುವುದು ಸಾಮಾನ್ಯವಾಗಿ ಕ್ರಿಯಾಪದವೇ!

‘ಸೋಲ್ಡ್’ ಅಂದರೆ ಮಾರಾಟ ತಾನೇ? ಪದಕ್ಕೆ ಪದ ಇಟ್ಟು ‘ಇಲ್ಲಿ ರೇಷ್ಮೆ ಸೀರೆಗಳು ಮಾರಾಟವಾಗಿವೆ’ ಎಂದು ಬರೆದುಬಿಟ್ಟರೆ ಏನಾಗುತ್ತದೆ ಗೊತ್ತೇ? ಸೀರೆಗಳೆಲ್ಲ ಆಗಲೇ ಬಿಕರಿಯಾಗಿವೆ ಎಂದರ್ಥ. ಬಂದ ಗಿರಾಕಿ ಬೋರ್ಡು ಓದಿ ವಾಪಸ್ ಹೋಗಬೇಕಾದೀತು!

‘ದೊರೆ’ ಎಂಬ ಧಾತುವಿನ ಚಮತ್ಕಾರ ನೋಡಿ. ಇದು ಅಕರ್ಮಕ. ‘ಯಾರು ಮಾರುತ್ತಾರೆ?’ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಅಂಗಡಿಯವರು ವಾಕ್ಯದಿಂದಲೇ ಮಾಯ, ಸೀರೆಗಳೇ ಕರ್ತೃ! ಕೊಳ್ಳುವವರನ್ನು ಸೇರಿಸಬೇಕೆಂದರೆ ‘ನಿಮಗೆ’ ಎಂದು ‘ಗೆ’ ಹಚ್ಚಿದರೆ ಸಾಕು.

‘ದೊರೆಯುತ್ತವೆ’ ಎಂಬ ಒಂದೇ ಪದವನ್ನು ಬಿಡಿಸಿ ನೋಡಿ: ದೊರೆ + ಉತ್ತ + ಅವೆ. ‘ಉತ್ತ’ ಕಾಲವನ್ನು ಹೇಳುತ್ತದೆ. ಇವತ್ತಿಗೂ ಸರಿ, ದಿನದಿನಕ್ಕೂ ಸರಿ. ‘ಅವೆ’ ಇರುವುದು ಅನೇಕ ಎನ್ನುತ್ತದೆ. ನಡುವೆ ‘ಯ’ ಎಲ್ಲಿಂದ ಬಂತು? ‘ದೊರೆ’ಯ ಎಕಾರಕ್ಕೆ ‘ಉತ್ತ’ದ ಉಕಾರ ಢಿಕ್ಕಿ ಹೊಡೆಯದಂತೆ ನಡುವೆ ಬಂದು ನಿಂತಿದೆ. ಶಾಲೆಯಲ್ಲಿ ಕಲಿತ ಯಕಾರಾಗಮ ಸಂಧಿ, ಅಂಗಡಿಯ ಬಾಗಿಲ ಮೇಲೆ!

ಆಡುಮಾತಿನ ‘ಸಿಗುತ್ತವೆ’ ಬರೆದರೆ ಆ ‘ಯ’ ಇಲ್ಲವೇ ಇಲ್ಲ! ‘ಸಿಗು’ವಿನ ಕೊನೆಯ ಉಕಾರ ಬಿದ್ದುಹೋಗಿ ‘ಉತ್ತ’ ಅಂಟಿಕೊಂಡಿತು. ಅದು ಲೋಪಸಂಧಿ. ಅರ್ಥ ಒಂದೇ, ಸಂಧಿ ಬೇರೆ!

ಬೋರ್ಡುಗಳಲ್ಲಿ ಕಣ್ಣಿಗೆ ಬೀಳುವ ತಪ್ಪೊಂದಿದೆ: ‘ಸೀರೆಗಳು ದೊರೆಯುತ್ತದೆ.’ ಹಿಡಿಯುವುದು ಬಲು ಸುಲಭ. ಸೀರೆಗಳನ್ನು ತೆಗೆದು ‘ಅವು’ ಇಡಿ. ‘ಅವು ದೊರೆಯುತ್ತದೆ’ ಎಂದಾಗ ಕಿವಿಯೇ ಒಪ್ಪುವುದಿಲ್ಲ! ‘ಅವು’ ಇದ್ದರೆ ‘ಅವೆ’ ಬೇಕು.

ಹಾಗಾದರೆ ‘ರೇಷ್ಮೆ ಸೀರೆ ದೊರೆಯುತ್ತದೆ’ ಎಂದು ಏಕವಚನದಲ್ಲಿ ಬರೆದರೆ ತಪ್ಪೇ? ಇಲ್ಲ, ಪೂರಾ ಸರಿ! ಅಂಗಡಿಯಲ್ಲಿ ನಾವು ‘ಐದು ಸೀರೆ ಕೊಡಿ’ ಅನ್ನುತ್ತೇವೆಯೇ ಹೊರತು ‘ಐದು ಸೀರೆಗಳನ್ನು ಕೊಡಿ’ ಅನ್ನುವುದು ಅಪರೂಪ. ವಸ್ತುವಿನ ಹೆಸರಿಗೆ ‘ಗಳು’ ಹಚ್ಚಲೇಬೇಕೆಂಬ ಹಟ ಕನ್ನಡಕ್ಕಿಲ್ಲ. ಹೊಸಕೋಟೆಯ ಹೋಟೆಲಿನ ಬೋರ್ಡಿಗೂ ‘ಬಿರಿಯಾನಿ ಸಿಗುತ್ತದೆ’ ಸಾಕು, ‘ಬಿರಿಯಾನಿಗಳು’ ಬೇಡ!

ಈಗ ಎಲ್ಲಕ್ಕಿಂತ ದೊಡ್ಡ ಅಚ್ಚರಿ. ‘ಇಲ್ಲಿ ರೇಷ್ಮೆ ಸೀರೆಗಳನ್ನು ಮಾರಲಾಗುತ್ತದೆ.’ ಸೀರೆಗಳು ಅನೇಕ, ಕ್ರಿಯಾಪದ ಏಕವಚನ. ಆದರೂ ಈ ವಾಕ್ಯ ಸರಿ! ‘ಅನ್ನು’ ಹಚ್ಚಿಕೊಂಡ ಸೀರೆಗಳು ಕರ್ಮವಾಗಿಯೇ ಉಳಿದವು. ಕರ್ತೃವಿನ ಜಾಗ ಖಾಲಿ. ಹೊಂದಿಕೊಳ್ಳಲು ಯಾರೂ ಸಿಗದೆ ಕ್ರಿಯಾಪದ ‘ಅದು’ವಿನ ರೂಪಕ್ಕೇ ನಿಂತುಬಿಟ್ಟಿತು!

ಪದಗಳ ಜಾಗ ಬದಲಿಸಿ ‘ರೇಷ್ಮೆ ಸೀರೆಗಳು ಇಲ್ಲಿ ದೊರೆಯುತ್ತವೆ’ ಎನ್ನಿ. ವ್ಯಾಕರಣ ಕೆಡಲಿಲ್ಲ, ಒತ್ತು ಜರುಗಿತು! ಕ್ರಿಯಾಪದದ ಪಕ್ಕದಲ್ಲಿ ನಿಂತ ಪದಕ್ಕೇ ಸಾಮಾನ್ಯವಾಗಿ ಮಾತಿನ ತೂಕ. ಮೊದಲ ಬೋರ್ಡು ‘ಇಲ್ಲಿ ಏನು ಸಿಗುತ್ತದೆ?’ ಎಂಬುದಕ್ಕೆ ಉತ್ತರ. ಎರಡನೆಯದು ‘ಸೀರೆ ಎಲ್ಲಿ ಸಿಗುತ್ತದೆ?’ ಎಂಬುದಕ್ಕೆ!

ಕೊನೆಗೊಂದು. 2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ಕರ್ನಾಟಕದ ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಂದರೆ ‘ದೊರೆಯುತ್ತವೆ’ಯ ಆ ಪುಟ್ಟ ‘ವೆ’ ಇನ್ನು ಬೀದಿಗೆಲ್ಲ ಕಾಣುವಷ್ಟು ದೊಡ್ಡದು. ನಾಳೆ ದೇವನಹಳ್ಳಿಯಲ್ಲೋ ನೆಲಮಂಗಲದಲ್ಲೋ ಬಸ್ಸಿಗೆ ಕಾಯುವಾಗ ಎದುರಿನ ಬೋರ್ಡಿನ ಕೊನೆಯ ಅಕ್ಷರ ನೋಡಿ. ‘ದೆ’ಯೋ ‘ವೆ’ಯೋ?