ಒಪ್ಪುವ ಒಂದು ಚಿತ್ರಕ್ಕೆ ಎಷ್ಟು ಖರ್ಚು?

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅಜ್ಜನ ಜೊತೆ ಹೋಗುವ ಪುಟ್ಟ ಹುಡುಗಿಯ ಕಥೆ. ಹದಿನಾರು ಪುಟದ ಮಕ್ಕಳ ಪುಸ್ತಕ, ಎಂಟು ಇಂಚಿನ ಚೌಕಾಕಾರ. ಒಳಗೆ ಹನ್ನೆರಡು ಚಿತ್ರ, ಮೇಲೊಂದು ಮುಖಪುಟ. ಇಂಥ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಹೊರತರುವ ಲೇಖಕರು, ಶಿಕ್ಷಕರು, ಸಣ್ಣ ಪ್ರಕಾಶಕರು ನಮ್ಮಲ್ಲಿ ಇದ್ದಾರೆ. ಚಿತ್ರಗಳನ್ನು ಎಐ ತಂತ್ರಾಂಶದಿಂದ ಮಾಡಿಸಿಕೊಂಡರೆ ಎಷ್ಟಾಗುತ್ತದೆ ಎಂದು ಅವರು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ‘ಅದೆಲ್ಲ ಫ್ರೀ’, ಇಲ್ಲವೇ ‘ತಿಂಗಳಿಗೆ ಇಷ್ಟು ಡಾಲರ್’. ಎರಡೂ ಪುಸ್ತಕದ ಖರ್ಚನ್ನು ಹೇಳುವುದಿಲ್ಲ. ಯಂತ್ರ ಕೊಟ್ಟ ಚಿತ್ರಕ್ಕೆ ಎಷ್ಟು ಎಂಬುದು ಒಂದು ಲೆಕ್ಕ, ನೀವು ಒಪ್ಪಿ ಅಚ್ಚಿಗೆ ಕಳಿಸುವ ಚಿತ್ರಕ್ಕೆ ಎಷ್ಟು ಎಂಬುದು ಬೇರೆಯೇ ಲೆಕ್ಕ. ಬಜೆಟ್ ಹಾಕಬೇಕಾದದ್ದು ಎರಡನೆಯದಕ್ಕೆ.

ಮೊದಲು ಉಚಿತದ ಮಾತು. ಪ್ರತಿ ಚಿತ್ರ ತಯಾರಾಗುವಾಗಲೂ ಎಲ್ಲೋ ಒಂದು ಕಡೆ ದುಬಾರಿ ಜಿಪಿಯು ಯಂತ್ರ ಕೆಲವು ಸೆಕೆಂಡು ದುಡಿಯುತ್ತದೆ, ಕರೆಂಟು ಉರಿಯುತ್ತದೆ. ಹಾಗಾಗಿ ಉಚಿತ ಕೋಟಾ ಎಂದೂ ಸ್ಥಿರವಾಗಿ ನಿಂತಿಲ್ಲ. 2022ರಲ್ಲಿ ಓಪನ್‌ಎಐ ತನ್ನ ಡಾಲ್-ಇ 2ಕ್ಕೆ ಮೊದಲ ತಿಂಗಳು 50 ಕ್ರೆಡಿಟ್, ಆಮೇಲೆ ತಿಂಗಳಿಗೆ 15 ಕೊಡುತ್ತಿತ್ತು. ಮರುವರ್ಷ ಹೊಸಬರಿಗೆ ಅದನ್ನು ನಿಲ್ಲಿಸಿತು. ಮಿಡ್‌ಜರ್ನಿ 2023ರ ಮಾರ್ಚ್ ಕೊನೆಗೆ ಉಚಿತ ಪ್ರಯೋಗವನ್ನು ಹಿಂತೆಗೆದುಕೊಂಡಿತು. 2025ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಚಿತ್ರ ಸೌಲಭ್ಯಕ್ಕೆ ಜನ ಮುಗಿಬಿದ್ದಾಗ, ಉಚಿತ ಬಳಕೆದಾರರಿಗೆ ದಿನಕ್ಕೆ ಮೂರೇ ಚಿತ್ರ ಎಂಬ ಮಿತಿಯನ್ನು ಅದರ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಪ್ರಕಟಿಸಿದರು. ಈ ಚರಿತ್ರೆ ನೋಡಿದವರು ಮೂರು ತಿಂಗಳ ಕೆಲಸವನ್ನು ಉಚಿತ ಕೋಟಾದ ಮೇಲೆ ನಿಲ್ಲಿಸುವುದಿಲ್ಲ.

ಉಚಿತ ಕೋಟಾ ಕೂಡಿಡಲು ಬರುವುದೂ ಇಲ್ಲ. ಮೊಬೈಲಿನ ದಿನದ ಡೇಟಾದಂತೆ, ಇವತ್ತು ಬಳಸದೆ ಉಳಿದದ್ದು ನಾಳೆಗೆ ಇರುವುದಿಲ್ಲ. ಲಿಯೊನಾರ್ಡೊ ದಿನಕ್ಕೆ 150 ಟೋಕನ್ ಕೊಡುವ ಪದ್ಧತಿ ಇಟ್ಟುಕೊಂಡಿತು, ಅಡೋಬಿ ಫೈರ್‌ಫ್ಲೈ ತಿಂಗಳ ಲೆಕ್ಕದ ಕ್ರೆಡಿಟ್ ಕೊಟ್ಟಿತು. ಅವಧಿ ಮುಗಿದರೆ ಎರಡರಲ್ಲೂ ಉಳಿಕೆ ಸೊನ್ನೆ. ಇದರ ಜೊತೆಗೆ ಹಕ್ಕಿನ ಪ್ರಶ್ನೆ ಇದೆ. ಲಿಯೊನಾರ್ಡೊದ ಉಚಿತ ಶ್ರೇಣಿಯಲ್ಲಿ ಮಾಡಿದ ಚಿತ್ರಗಳು ಎಲ್ಲರಿಗೂ ಕಾಣುತ್ತವೆ. ಮಾರುವ ಪುಸ್ತಕಕ್ಕೆ ಬಳಸಬಹುದೇ ಎಂಬುದು ಸೇವೆಯಿಂದ ಸೇವೆಗೆ ಬದಲಾಗುತ್ತದೆ. ಆ ಒಂದು ನಿಯಮವನ್ನು ಚಿತ್ರ ಮಾಡುವ ಮೊದಲೇ ಓದಿಕೊಳ್ಳಬೇಕು, ಅಚ್ಚಾದ ಮೇಲಲ್ಲ.

ಹಾಗಾದರೆ ಉಚಿತ ಕೋಟಾ ಯಾತಕ್ಕೆ? ಅಳತೆ ತೆಗೆಯುವುದಕ್ಕೆ. ನನ್ನ ಪ್ರಕಾರ ಅದರ ಅತ್ಯುತ್ತಮ ಉಪಯೋಗ ಇದೇ. ಪುಸ್ತಕದ ಹದಿಮೂರು ಚಿತ್ರಗಳನ್ನು ಕಷ್ಟದ ಲೆಕ್ಕದಲ್ಲಿ ಮೂರು ಗುಂಪು ಮಾಡಿ. ಬೆಳಗಿನ ಆಕಾಶ, ಮನೆಯ ಮುಂಭಾಗ, ರಾತ್ರಿಯ ಬೀದಿಯಂಥ ಮೂರು ಸುಲಭ. ಹುಡುಗಿ ಮತ್ತು ಅಜ್ಜ ಇಬ್ಬರೂ ಇರುವ ಏಳು ನಡುವಿನವು, ಏಕೆಂದರೆ ಪ್ರತಿ ಪುಟದಲ್ಲೂ ಮುಖ, ಜಡೆ, ಲಂಗದ ಬಣ್ಣ ಒಂದೇ ಇರಬೇಕು. ಪರಿಷೆಯ ಜನಜಂಗುಳಿಯ ಮೂರು ಕಷ್ಟದವು. ಜಂಗುಳಿಯಲ್ಲಿ ಹಿಂದಿನ ಸಾಲಿನ ಮುಖಗಳು ಕಲಸಿಹೋಗುತ್ತವೆ, ಕೈಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಮ್ಮ ಊರಿನ ವಸ್ತುಗಳಾದರೆ ತೊಂದರೆ ಇನ್ನೂ ಹೆಚ್ಚು. ಬೀದಿ ಬದಿಯ ಕಡಲೆಕಾಯಿ ರಾಶಿ, ಅಳೆದು ಕೊಡುವ ಸೇರು, ದೊಡ್ಡ ಬಸವಣ್ಣನ ಗುಡಿಯ ಗೋಪುರ ಇವೆಲ್ಲ ಹೇಳಿದ ಕೂಡಲೇ ಸರಿಯಾಗಿ ಬರುತ್ತವೆ ಎಂದು ನಂಬುವ ಹಾಗಿಲ್ಲ. ಪ್ರತಿ ಗುಂಪಿನಿಂದ ಒಂದೊಂದು ಚಿತ್ರವನ್ನು ಉಚಿತ ಕೋಟಾದಲ್ಲಿ ಪ್ರಯತ್ನಿಸಿ, ಒಪ್ಪುವ ಚಿತ್ರ ಸಿಗುವವರೆಗೆ ಎಷ್ಟು ಸಲ ಮಾಡಿಸಬೇಕಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಪಕ್ಕದಲ್ಲಿ ತಿರಸ್ಕರಿಸಿದ ಕಾರಣವನ್ನೂ ಬರೆಯಿರಿ. ಒಂದೇ ಕಾರಣ ಮತ್ತೆ ಮತ್ತೆ ಬಂದರೆ ದೋಷ ಅದೃಷ್ಟದ್ದಲ್ಲ, ವಿವರಣೆಯದ್ದು. ಮತ್ತೆ ಗುಂಡಿ ಒತ್ತುವ ಬದಲು ದೃಶ್ಯವನ್ನೇ ಬದಲಿಸಬೇಕು. ಜಂಗುಳಿಯನ್ನು ಎದುರಿನಿಂದ ತೋರಿಸದೆ ಹುಡುಗಿಯ ಬೆನ್ನ ಹಿಂದಿನಿಂದ ತೋರಿಸಿದರೆ ಮುಖಗಳ ತೊಂದರೆ ಅರ್ಧ ಕಳೆಯುತ್ತದೆ.

ಈಗ ಹಣದ ಲೆಕ್ಕ. ಒಂದೊಂದು ಸೇವೆ ಒಂದೊಂದು ಮಾನದಲ್ಲಿ ಅಳೆಯುವುದರಿಂದ ನೇರ ಹೋಲಿಕೆ ಕಷ್ಟ. ಮಿಡ್‌ಜರ್ನಿ ಅಳೆಯುವುದು ಯಂತ್ರದ ಸಮಯವನ್ನು. ಅದರ ಬೇಸಿಕ್ ಪ್ಲಾನ್ ತಿಂಗಳಿಗೆ 10 ಡಾಲರ್. ಅದಕ್ಕೆ ಸಿಗುವುದು ಸುಮಾರು 200 ನಿಮಿಷದ ‘ಫಾಸ್ಟ್’ ಸಮಯ. ಒಂದು ಸಲ ಕೇಳಿದರೆ ನಾಲ್ಕು ಚಿತ್ರ ಒಟ್ಟಿಗೆ ಬರುತ್ತವೆ, ಅದಕ್ಕೆ ಸರಾಸರಿ ಒಂದು ನಿಮಿಷ ಖರ್ಚಾಗುತ್ತದೆ. ಒಂದೇ ಪಾತ್ರ ಎಲ್ಲ ಪುಟದಲ್ಲೂ ಬರಲಿ ಎಂದು ಮಾದರಿ ಚಿತ್ರ ಜೋಡಿಸುವ ‘ಓಮ್ನಿ ರೆಫರೆನ್ಸ್’ ಬಳಸಿದರೆ ಎರಡು ಪಟ್ಟು. ಕರಡು ತೋರಿಸುವ ‘ಡ್ರಾಫ್ಟ್’ ವಿಧಾನಕ್ಕೆ ಅರ್ಧ.

ನಿಮ್ಮ ಹಾಳೆಯಲ್ಲಿ ಸುಲಭದ ಚಿತ್ರಕ್ಕೆ ಮೂರು ಯತ್ನ, ಪಾತ್ರದ ಚಿತ್ರಕ್ಕೆ ಆರು, ಜಂಗುಳಿಗೆ ಹತ್ತು ಎಂದು ಬಂತು ಅಂದುಕೊಳ್ಳಿ. ಮೂರು ಸುಲಭದವಕ್ಕೆ 9 ನಿಮಿಷ. ಪಾತ್ರದ ಏಳಕ್ಕೆ 42 ಯತ್ನ, ತಲಾ ಎರಡು ನಿಮಿಷದಂತೆ 84. ಜಂಗುಳಿಯ ಮೂರಕ್ಕೆ 30 ಯತ್ನ, 60 ನಿಮಿಷ. ಹುಡುಗಿ, ಅಜ್ಜನ ರೂಪ ಹುಡುಕಲು ಮೊದಲಿಗೆ ಇಪ್ಪತ್ತು ಕರಡು, 10 ನಿಮಿಷ. ಆಯ್ದ ಹದಿಮೂರನ್ನು ದೊಡ್ಡದು ಮಾಡಲು ತಲಾ ಎರಡು ನಿಮಿಷ ಹಿಡಿದರೆ 26. ಒಟ್ಟು 189 ನಿಮಿಷ. ಇನ್ನೂರರೊಳಗೆ ಬಂತು, ಆದರೆ ಉಳಿದದ್ದು ಹನ್ನೊಂದೇ ನಿಮಿಷ. ಪುಟವಿನ್ಯಾಸ ಆದಮೇಲೆ ಕಥೆಗಾರರು ‘ಅಜ್ಜನ ಪಂಚೆ ಬಿಳಿ ಇರಲಿ’ ಎಂದರೆ ಅಲ್ಲಿಗೆ ಕೋಟಾ ಮುಗಿಯುತ್ತದೆ. ತಿದ್ದುಪಡಿಗೆಂದು ಮೂರನೇ ಒಂದು ಪಾಲು ಹೆಚ್ಚುವರಿ ಇಡುವುದು ಒಳ್ಳೆಯದು. ಇಲ್ಲಿ ಅದು ಸುಮಾರು ಒಂದು ಗಂಟೆ. ಹೆಚ್ಚುವರಿ ಗಂಟೆಗೆ ಮಿಡ್‌ಜರ್ನಿಯ ದರ 4 ಡಾಲರ್. ಅಲ್ಲಿಗೆ 14 ಡಾಲರ್.

ಡಾಲರಿಗೆ 90 ರೂಪಾಯಿ ಹಿಡಿದರೆ 1,260. ವಿದೇಶಿ ಆನ್‌ಲೈನ್ ಸೇವೆಗೆ ನಮ್ಮ ಕಾನೂನಿನಲ್ಲಿ 18 ಶೇಕಡ ಜಿಎಸ್‌ಟಿ ಇದೆ, ಅದನ್ನೂ ಸೇರಿಸಿಕೊಳ್ಳಿ. ಅನೇಕ ಕಾರ್ಡುಗಳು ವಿದೇಶಿ ವಿನಿಮಯಕ್ಕೆ 3.5 ಶೇಕಡದವರೆಗೆ ಹಿಡಿಯುತ್ತವೆ, ಆ ಶುಲ್ಕದ ಮೇಲೂ ಜಿಎಸ್‌ಟಿ. ಕೈಬಿಡುವ ಮೊತ್ತ ಸುಮಾರು 1,550 ರೂಪಾಯಿ, ಒಪ್ಪಿದ ಚಿತ್ರವೊಂದಕ್ಕೆ 119. ಜಾಹೀರಾತಿನ 10 ಡಾಲರ್ ಅನ್ನು ರೂಪಾಯಿಗೆ ತಿರುಗಿಸಿ 900 ಎಂದುಕೊಂಡವರು ಇಲ್ಲಿಯೇ ಎಡವುತ್ತಾರೆ.

ಇನ್ನೊಂದು ದಾರಿ ಚಿತ್ರಕ್ಕಿಷ್ಟು ಎಂದು ಕೊಡುವುದು. 2025ರ ಆಗಸ್ಟ್‌ನಲ್ಲಿ ಬಂದ ಗೂಗಲ್‌ನ ಜೆಮಿನಿ 2.5 ಫ್ಲ್ಯಾಶ್ ಇಮೇಜ್ ಮಾದರಿಯನ್ನು ಎಪಿಐ ಮೂಲಕ ಬಳಸಿದರೆ ಒಂದು ಚಿತ್ರಕ್ಕೆ 0.039 ಡಾಲರ್ ಎಂದು ದರ ನಿಗದಿಯಾಗಿತ್ತು, ಅಂದರೆ ಸುಮಾರು ಮೂರೂವರೆ ರೂಪಾಯಿ. ಇಲ್ಲಿ ನಾಲ್ಕು ಒಟ್ಟಿಗೆ ಬರುವುದಿಲ್ಲ, ಒಂದೊಂದೇ. ಇಡೀ ಪುಸ್ತಕಕ್ಕೆ 250 ಚಿತ್ರ ಮಾಡಿಸಿದರೂ ತೆರಿಗೆ ಸೇರಿ ಸಾವಿರ ರೂಪಾಯಿ ಆಸುಪಾಸು. ತಿಂಗಳ ಗಡಿ ಇಲ್ಲ, ಬಳಸದ ದಿನ ಖರ್ಚಿಲ್ಲ. ಬಿಟ್ಟು ಬಿಟ್ಟು ಕೆಲಸ ಮಾಡುವವರಿಗೆ ಇದೇ ವಾಸಿ. ಬಿಲ್ಲಿಂಗ್ ಖಾತೆ ತೆರೆಯಬೇಕು, ಅಷ್ಟೆ. ತೆರೆದ ದಿನವೇ ಖರ್ಚು ಮಿತಿ ಮೀರುವಾಗ ಎಚ್ಚರಿಸುವ ಬಜೆಟ್ ಅಲರ್ಟ್ ಹಾಕಿಡಬೇಕು. ಆ ಅಲರ್ಟ್ ಸಂದೇಶ ಕಳಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ ಎಂಬುದನ್ನು ಮರೆಯಬಾರದು.

ರೂಪಾಯಿಯಲ್ಲೇ ಕೊಡಬಹುದಾದ ಚಂದಾಗಳೂ ಬಂದಿವೆ. 2025ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಚಾಟ್‌ಜಿಪಿಟಿ ಗೋ ತಿಂಗಳಿಗೆ 399 ರೂಪಾಯಿ, ಯುಪಿಐನಲ್ಲೂ ಪಾವತಿಸಬಹುದಿತ್ತು. ವಿನಿಮಯ ಶುಲ್ಕದ ಕಾಟ ತಪ್ಪಿತು ನಿಜ. ಆದರೆ ಅದರ ಭರವಸೆ ‘ಉಚಿತಕ್ಕಿಂತ ಹತ್ತು ಪಟ್ಟು ಹೆಚ್ಚು ಚಿತ್ರ’ ಎಂದು. ಉಚಿತದ ಮಿತಿಯೇ ಏರಿಳಿಯುವಾಗ ಅದರ ಹತ್ತು ಪಟ್ಟನ್ನು ಬಜೆಟ್ಟಿನಲ್ಲಿ ಯಾವ ಸಂಖ್ಯೆಯಾಗಿ ಬರೆಯುವುದು? ಗಡುವು ಇರುವ ಕೆಲಸಕ್ಕೆ ಸಂಖ್ಯೆ ಹೇಳುವ ಪ್ಲಾನೇ ಮೇಲು.

ಅಚ್ಚಿನ ಅಳತೆ ಬಜೆಟ್ಟಿಗೆ ಸೇರಿದ ವಿಷಯವೇ. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಎಂಟು ಇಂಚಿನ ಪುಟಕ್ಕೆ 2,400 ಪಿಕ್ಸೆಲ್. ಈ ಯಂತ್ರಗಳ ಸಾಮಾನ್ಯ ಚೌಕ 1,024 ಪಿಕ್ಸೆಲ್, ಅಂದರೆ ಮೂರೂವರೆ ಇಂಚಿಗೂ ಸಾಲದು. ಮಿಡ್‌ಜರ್ನಿಯಲ್ಲಿ ಎರಡು ಪಟ್ಟು ಹಿಗ್ಗಿಸಿದರೂ ಆರೇಮುಕ್ಕಾಲು ಇಂಚಿನ ಹತ್ತಿರ ನಿಲ್ಲುತ್ತದೆ. ಉಳಿದದ್ದನ್ನು ಅಪ್‌ಸ್ಕೇಲ್ ಎಂಬ ಉಚಿತ ಮುಕ್ತ ತಂತ್ರಾಂಶದಿಂದ ನಿಮ್ಮ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಬಹುದು. ಹಿಗ್ಗಿಸಿದಾಗ ಕಣ್ಣಿನ ಅಂಚು, ಬಟ್ಟೆಯ ನೇಯ್ಗೆ ನುಣುಪಾಗಿ ಕೆಡುತ್ತದೆ. ಒಂದು ಪುಟವನ್ನು ನಿಜ ಗಾತ್ರದಲ್ಲಿ ಅಚ್ಚು ಹಾಕಿಸಿ ನೋಡಿದರೆ ತಿಳಿಯುತ್ತದೆ. ಅಂಗಡಿಯ ಫಲಕದಲ್ಲಿ ಕನ್ನಡ ಅಕ್ಷರ ಬರಲಿ ಎಂದು ಯತ್ನಗಳನ್ನು ಸುರಿಯಬೇಡಿ. ಒತ್ತಕ್ಷರ, ಗುಣಿತ ತಪ್ಪುತ್ತಲೇ ಇರುತ್ತವೆ. ಫಲಕ ಖಾಲಿ ಬಿಡಿಸಿ, ಅಕ್ಷರವನ್ನು ಪುಟವಿನ್ಯಾಸದಲ್ಲಿ ಕೂಡಿಸಿ.

ಕೊನೆಯದಾಗಿ ಚಂದಾದ ಮಾತು. ವರ್ಷದ ಚಂದಾಕ್ಕೆ ಮಿಡ್‌ಜರ್ನಿ 20 ಶೇಕಡ ರಿಯಾಯಿತಿ ಕೊಡುತ್ತದೆ, ಒಂದೇ ಪುಸ್ತಕ ಮಾಡುವವರಿಗೆ ಅದು ಬೇಡ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಮ್ಮೆ ಅನುಮತಿ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಮರುಪಾವತಿ ಒಟಿಪಿ ಕೇಳದೆಯೇ ಕಡಿತವಾಗಬಹುದು. 24 ಗಂಟೆ ಮೊದಲು ಒಂದು ಸಂದೇಶ ಬರುತ್ತದೆ, ಹತ್ತಾರು ಸಂದೇಶಗಳ ನಡುವೆ ಅದು ಕಣ್ಣಿಗೆ ಬೀಳದೆಯೂ ಹೋಗಬಹುದು. ಚಂದಾ ಕಟ್ಟಿದ ದಿನವೇ ರದ್ದು ಮಾಡಿದರೆ ಮಿಡ್‌ಜರ್ನಿಯಲ್ಲಿ ಆ ತಿಂಗಳ ಸೌಲಭ್ಯ ಕೊನೆಯವರೆಗೂ ಉಳಿಯುತ್ತದೆ, ಮುಂದಿನ ಕಡಿತ ನಿಲ್ಲುತ್ತದೆ. ಉಳಿದ ಸಮಯ ಎಷ್ಟೆಂದು ಡಿಸ್ಕಾರ್ಡ್‌ನಲ್ಲಿ `/info` ಎಂದು ಕೊಟ್ಟರೆ ಕಾಣುತ್ತದೆ. ನೂರು ನಿಮಿಷ ಕಳೆದಾಗ ಆರು ಚಿತ್ರವೂ ಒಪ್ಪಿಗೆಯಾಗಿರದಿದ್ದರೆ ಇನ್ನೊಂದು ತಿಂಗಳ ಚಂದಾ ಕಟ್ಟಬೇಡಿ. ಪರಿಷೆಯ ಆ ಮೂರು ಜಂಗುಳಿಯ ಪುಟಗಳನ್ನು ಆ ಜಾತ್ರೆಯನ್ನು ಕಣ್ಣಾರೆ ಕಂಡ ಒಬ್ಬ ಕಲಾವಿದರಿಂದ ಬರೆಸಿ, ಆ ಸಂಭಾವನೆಯನ್ನು ಮೊದಲ ದಿನದ ಬಜೆಟ್ಟಿನಲ್ಲೇ ತೆಗೆದಿಡಿ.