ಟಿಸಿಯೊಳಗಿನ ಎಣ್ಣೆ: ಖನಿಜವೋ, ಎಸ್ಟರೋ?

ಬೀದಿ ಬದಿಯ ಕಂಬಗಳ ನಡುವೆ ಕೂತಿರುವ, ಊರಿನವರು ಟಿಸಿ ಎಂದು ಕರೆಯುವ 100 ಕೆವಿಎ ವಿತರಣಾ ಟ್ರಾನ್ಸ್‌ಫಾರ್ಮರು 11,000 ವೋಲ್ಟ್ ವಿದ್ಯುತ್ತನ್ನು 433 ವೋಲ್ಟಿಗೆ ಇಳಿಸುತ್ತದೆ. ಅದರ ತೊಟ್ಟಿಯೊಳಗೆ ಕಬ್ಬಿಣದ ತಿರುಳು, ಅದರ ಸುತ್ತ ಕಾಗದ ಸುತ್ತಿದ ತಂತಿಯ ಸುರುಳಿಗಳು, ಇವೆಲ್ಲ ಮುಳುಗುವಷ್ಟು ಎಣ್ಣೆ. ಎಣ್ಣೆಗೆ ಎರಡು ಕೆಲಸ. ಸುರುಳಿಯ ಬಿಸಿಯನ್ನು ತೊಟ್ಟಿಯ ಗೋಡೆಗೂ ರೇಡಿಯೇಟರಿಗೂ ಒಯ್ಯುವುದು ಒಂದು. ಕಾಗದದ ಎಳೆಎಳೆಗೂ ಇಳಿದು, ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ತಡೆಯುವುದು ಇನ್ನೊಂದು. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕೆಲಸ ಮಾಡುತ್ತ ಬಂದಿರುವುದು ಕಚ್ಚಾತೈಲವನ್ನು ಶುದ್ಧೀಕರಿಸಿ ತೆಗೆಯುವ ಖನಿಜ ತೈಲ. ಅಗ್ಗ, ತೆಳು, ಎಲ್ಲರಿಗೂ ಪರಿಚಿತ.

ಅದರ ಜಾಗಕ್ಕೆ ಬರುತ್ತಿರುವ ಎಸ್ಟರುಗಳಲ್ಲಿ ಎರಡು ಬಗೆ. ಸೋಯಾ, ಸೂರ್ಯಕಾಂತಿ, ರೇಪ್‌ಸೀಡ್ ಮುಂತಾದ ಬೀಜದೆಣ್ಣೆಯಿಂದ ಬರುವುದು ನೈಸರ್ಗಿಕ ಎಸ್ಟರ್. ಆಲ್ಕೋಹಾಲ್ ಮತ್ತು ಆಮ್ಲಗಳನ್ನು ಕಾರ್ಖಾನೆಯಲ್ಲಿ ಕೂಡಿಸಿ ಮಾಡುವುದು ಸಂಶ್ಲೇಷಿತ ಎಸ್ಟರ್. ಎರಡನೆಯದು ಹಳಬ. ಬೆಂಕಿಗೆ ಅಂಜದಿದ್ದರೂ ವಿಷಕಾರಿ ಎಂದು ಗೊತ್ತಾದ ಪಿಸಿಬಿ ದ್ರವಗಳನ್ನು ಕೈಬಿಡಬೇಕಾಗಿ ಬಂದ 1970ರ ದಶಕದಲ್ಲಿ ಅದು ಬಳಕೆಗೆ ಬಂತು. ಬೀಜದೆಣ್ಣೆಯ ಎಸ್ಟರು ಮಾರುಕಟ್ಟೆಗೆ ಬಂದದ್ದು 1990ರ ದಶಕದಲ್ಲಿ. ಭಾರತದಲ್ಲಿ ಖನಿಜ ತೈಲಕ್ಕೆ ಐಎಸ್ 335, ನೈಸರ್ಗಿಕ ಎಸ್ಟರಿಗೆ ಐಎಸ್ 16659 ಮಾನಕಗಳಿವೆ. ಹೊಂಗೆ ಎಣ್ಣೆಯನ್ನೂ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ಆದರೆ ಗಾಣದಿಂದ ಬಂದ ಎಣ್ಣೆಯನ್ನು ಹಾಗೆಯೇ ಸುರಿಯುವಂತಿಲ್ಲ, ಅದರ ಆಮ್ಲೀಯತೆ ತೀರಾ ಹೆಚ್ಚು.

ಎಸ್ಟರಿನ ಮಾತು ಬಂದಾಗ ಮೊದಲು ಕೇಳಿಬರುವುದು ಬೆಂಕಿಯ ವಿಷಯ. ಎಣ್ಣೆಯನ್ನು ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅದರ ಆವಿಗೆ ಕಿಡಿ ತಾಗಿದಾಗ ಭಗ್ಗೆಂದು ಹೊತ್ತಿ ಆರುತ್ತದೆ. ಅದು ಫ್ಲಾಷ್ ಪಾಯಿಂಟ್. ಇನ್ನೂ ಕಾಯಿಸಿದರೆ ಹೊತ್ತಿದ್ದು ಆರದೆ ಉರಿಯುತ್ತಲೇ ಇರುವ ಹಂತ ಬರುತ್ತದೆ. ಅದು ಫೈರ್ ಪಾಯಿಂಟ್. ಖನಿಜ ತೈಲಕ್ಕೆ ಈ ಎರಡನೆಯ ಹಂತ ಸುಮಾರು 160–170 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಂದುಬಿಡುತ್ತದೆ. ಸಂಶ್ಲೇಷಿತ ಎಸ್ಟರಿಗೆ 300 ದಾಟಬೇಕು, ನೈಸರ್ಗಿಕ ಎಸ್ಟರಿಗೆ 350ರ ಆಸುಪಾಸು. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಗೆರೆ ಎಳೆದಿರುವುದು 300 ಡಿಗ್ರಿಗೆ: ಅದಕ್ಕಿಂತ ಕೆಳಗಿನವು 'ಓ' ವರ್ಗ, ಮೇಲಿನವು 'ಕೆ' ವರ್ಗ. ಕಟ್ಟಡದ ಒಳಗೆ, ನೆಲಮಾಳಿಗೆಯಲ್ಲಿ, ಜನ ಓಡಾಡುವ ಜಾಗದಲ್ಲಿ ದ್ರವ ತುಂಬಿದ ಟ್ರಾನ್ಸ್‌ಫಾರ್ಮರ್ ಇಡಬೇಕಾದಾಗ ಕೇಳುವುದು ಈ 'ಕೆ' ವರ್ಗದ ದ್ರವವನ್ನು.

ಈ ಅಂಕಿಗಳು ಹೇಳದ ಸಂಗತಿಯೂ ಒಂದಿದೆ. ಸುರುಳಿಯೊಳಗೆ ಶಾರ್ಟ್ ಆದಾಗ ಏಳುವ ಆರ್ಕಿನ ಉಷ್ಣತೆ ಸಾವಿರಾರು ಡಿಗ್ರಿ. ಅದರ ಮುಂದೆ 170 ಆಗಲಿ 350 ಆಗಲಿ ಲೆಕ್ಕಕ್ಕಿಲ್ಲ. ದ್ರವ ಯಾವುದಾದರೂ ಒಡೆದು ಅನಿಲವಾಗುತ್ತದೆ, ಒತ್ತಡ ಏರುತ್ತದೆ, ತೊಟ್ಟಿ ಸೀಳಬಹುದು. ವ್ಯತ್ಯಾಸ ಕಾಣುವುದು ಆಮೇಲೆ. ಹೊರಚೆಲ್ಲಿದ ಖನಿಜ ತೈಲ ಉರಿಯುತ್ತ ಹರಿದು ಪಕ್ಕದ್ದನ್ನೂ ಸುಡುತ್ತದೆ. ಎಸ್ಟರಿನ ಜ್ವಾಲೆ ಆರ್ಕಿನ ಬಿಸಿ ನಿಂತ ಕೂಡಲೇ ತಾನೂ ಆರುವ ಸಾಧ್ಯತೆ ಹೆಚ್ಚು. 2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಮಂಗನಹಳ್ಳಿ ಬಳಿ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಸಿಡಿದು, ಸ್ಕೂಟರಿನಲ್ಲಿ ಹೋಗುತ್ತಿದ್ದ ತಂದೆ ಮಗಳು ಸುಟ್ಟಗಾಯಗಳಿಂದ ತೀರಿಕೊಂಡರು. ಅಂಥ ಕಡೆ ಎಸ್ಟರ್ ಇದ್ದರೆ ಬೆಂಕಿ ಹರಡುವುದು ತಪ್ಪೀತು, ಆದರೆ ಸಿಡಿತವೂ ಕುದಿವ ದ್ರವವೂ ತಪ್ಪುವುದಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಫ್ಯೂಸು, ಒತ್ತಡ ಬಿಡುಗಡೆಯ ವ್ಯವಸ್ಥೆ ಮತ್ತು ದಾರಿಯಿಂದ ದೂರ.

ತೇವದ ಕತೆ ಇದಕ್ಕಿಂತ ಸೂಕ್ಷ್ಮ. ಎಣ್ಣೆ ನೀರನ್ನು ತುಸು ಕರಗಿಸಿಕೊಳ್ಳುತ್ತದೆ. ಎಷ್ಟು ಎಂಬುದು ಎಣ್ಣೆಯ ಜಾತಿಗೂ ಬಿಸಿಗೂ ಬಿಟ್ಟದ್ದು. 20 ಡಿಗ್ರಿಯಲ್ಲಿ ಖನಿಜ ತೈಲ ಹಿಡಿಯಬಲ್ಲದ್ದು ಸುಮಾರು 55 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಎಣ್ಣೆಗೆ 55 ಭಾಗ ನೀರು. ನೈಸರ್ಗಿಕ ಎಸ್ಟರಿಗೆ ಇದು ಸುಮಾರು 1,100 ಪಿಪಿಎಂ, ಸಂಶ್ಲೇಷಿತಕ್ಕೆ 2,600ರ ಹತ್ತಿರ. ಎಸ್ಟರಿನ ಅಣುವಿನಲ್ಲಿರುವ ಆಮ್ಲಜನಕದ ಕೊಂಡಿಗಳು ನೀರಿನ ಅಣುವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬರೀ ಇಂಗಾಲ ಮತ್ತು ಜಲಜನಕಗಳ ಖನಿಜ ತೈಲದಲ್ಲಿ ಅಂಥ ಹಿಡಿಕೆ ಇಲ್ಲ.

ಎಣ್ಣೆಯ ನಿರೋಧಕ ಶಕ್ತಿ ಕೆಡುವುದು ಒಟ್ಟು ನೀರಿನಿಂದಲ್ಲ, ತನ್ನ ಮಿತಿಯ ಎಷ್ಟು ಪಾಲು ನೀರು ತುಂಬಿದೆ ಎಂಬುದರಿಂದ. ಆ ಪಾಲು ಶೇ. 20–30 ದಾಟಿದ ಮೇಲೆ ಕುಸಿತ ಆರಂಭವಾಗುತ್ತದೆ. ಒಂದು ಟಿಸಿಯ ಎಣ್ಣೆಯಲ್ಲಿ 40 ಪಿಪಿಎಂ ನೀರಿದೆ ಎನ್ನೋಣ. ಹಗಲು ಲೋಡಿನಲ್ಲಿ ಎಣ್ಣೆ 60 ಡಿಗ್ರಿಗೆ ಕಾದಿರುವಾಗ ಖನಿಜ ತೈಲದ ಮಿತಿ ಕೆಲವು ಪಟ್ಟು ಏರಿರುತ್ತದೆ, ಆದ್ದರಿಂದ ತೊಂದರೆ ಕಾಣುವುದಿಲ್ಲ. ಮಳೆಗಾಲದ ರಾತ್ರಿ ಲೈನ್ ಹೋಗಿ ಎಣ್ಣೆ 20 ಡಿಗ್ರಿಗೆ ತಣ್ಣಗಾದರೆ ಅದೇ 40 ಪಿಪಿಎಂ ಮಿತಿಯ ಶೇ. 73 ಆಗುತ್ತದೆ. ಬೆಳಗ್ಗೆ ಲೈನ್ ಬಂದಾಗ ಅದು ಆಘಾತ ತಾಳದೆ ಹೋಗಬಹುದು. ನೈಸರ್ಗಿಕ ಎಸ್ಟರಿನಲ್ಲಿ ಅದೇ 40 ಪಿಪಿಎಂ ಎಂದರೆ ಶೇ. 4ಕ್ಕೂ ಕಡಿಮೆ. ಎರಡೂವರೆ ಮಿಲಿಮೀಟರ್ ಅಂತರದ ಗುಂಡುಗಳ ನಡುವೆ ಕೆವಿ ಏರಿಸಿ ನೋಡುವ ಪರೀಕ್ಷೆಯಲ್ಲಿ ಅದು 300 ಪಿಪಿಎಂ ಆಚೆಯವರೆಗೂ ಹೆಚ್ಚು ಕುಂದದೆ ನಿಲ್ಲುತ್ತದೆ. ಹಾಗಾಗಿ ಪಿಪಿಎಂ ಅಂಕಿಯೊಂದನ್ನೇ ನೋಡಿ, ಖನಿಜ ತೈಲದ ಅಳತೆಗೋಲಿನಿಂದ ಎಸ್ಟರನ್ನು 'ಒದ್ದೆ' ಎಂದು ತಿರಸ್ಕರಿಸುವುದು ತಪ್ಪು.

ಆದರೆ ಟ್ರಾನ್ಸ್‌ಫಾರ್ಮರಿನ ನೀರೆಲ್ಲ ಎಣ್ಣೆಯಲ್ಲಿ ಇರುವುದಿಲ್ಲ, ಬಹುಪಾಲು ಇರುವುದು ಕಾಗದದಲ್ಲಿ. ಒಂದು ಅಂದಾಜು ಲೆಕ್ಕ: 160 ಕಿಲೊ ಎಣ್ಣೆ, 15 ಕಿಲೊ ಕಾಗದ ಮತ್ತು ಪ್ರೆಸ್‌ಬೋರ್ಡ್. ಕಾಗದದಲ್ಲಿ ಶೇ. 2 ತೇವ ಎಂದರೆ 300 ಗ್ರಾಂ ನೀರು. ಎಣ್ಣೆಯಲ್ಲಿ 20 ಪಿಪಿಎಂ ಇದ್ದರೆ ಅದು ಬರೀ 3 ಗ್ರಾಂ. ಖನಿಜ ತೈಲವನ್ನು ಬಿಸಿ ಮಾಡಿ ಸೋಸಿದರೆ ಹೋಗುವುದು ಈ 3 ಗ್ರಾಂ ಮಾತ್ರ. ಕೆಲವು ವಾರಗಳಲ್ಲಿ ಕಾಗದವೇ ಅದನ್ನು ಮತ್ತೆ ತುಂಬಿಕೊಡುತ್ತದೆ. ಅದೇ ತೊಟ್ಟಿಯಲ್ಲಿ ನೈಸರ್ಗಿಕ ಎಸ್ಟರ್ ಇದ್ದರೆ ಸಮತೋಲ 300 ಪಿಪಿಎಂ ಸುತ್ತ ನಿಂತೀತು, ಅಂದರೆ ದ್ರವ 48 ಗ್ರಾಂ ನೀರನ್ನು ತನ್ನ ಕಡೆಗೆ ಎಳೆದುಕೊಂಡಂತೆ. ಕಾಗದದ ತೇವ ಶೇ. 2ರಿಂದ ಸುಮಾರು 1.7ಕ್ಕೆ ಇಳಿಯುತ್ತದೆ. ಪವಾಡವೇನಲ್ಲ, ಆದರೂ ಕಾಗದದ ಮಟ್ಟಿಗೆ ಅದು ಚಿಕ್ಕದಲ್ಲ.

ಏಕೆಂದರೆ ಟ್ರಾನ್ಸ್‌ಫಾರ್ಮರಿನ ಆಯುಸ್ಸು ಎಂದರೆ ಕಾಗದದ ಆಯುಸ್ಸೇ. ಎಣ್ಣೆ ಬದಲಿಸಬಹುದು, ಸುತ್ತಿದ ಕಾಗದವನ್ನು ಬದಲಿಸಬೇಕಾದರೆ ಸುರುಳಿಯನ್ನೇ ಬಿಚ್ಚಬೇಕು. ಕಾಗದ ಎಂಬುದು ಸೆಲ್ಯುಲೋಸಿನ ಉದ್ದುದ್ದ ಸರಪಳಿ. ಹೊಸತಿರುವಾಗ ಪ್ರತಿ ಸರಪಳಿಯಲ್ಲಿ ಸುಮಾರು 1,000 ಗ್ಲೂಕೋಸ್ ಕೊಂಡಿಗಳು; ಅವು ತುಂಡಾಗುತ್ತ 200ಕ್ಕೆ ಇಳಿದಾಗ ಕಾಗದ ಬೆರಳಲ್ಲಿ ಪುಡಿಯಾಗುವಷ್ಟು ಗಡಸಾಗಿರುತ್ತದೆ, ಒಂದು ಶಾರ್ಟಿನ ಜಗ್ಗಾಟಕ್ಕೆ ಹರಿದುಹೋಗುತ್ತದೆ. ಸರಪಳಿಯನ್ನು ಕತ್ತರಿಸುವುದು ಬಿಸಿ, ಆಮ್ಲಜನಕ, ಸಣ್ಣ ಆಮ್ಲಗಳು, ಎಲ್ಲಕ್ಕಿಂತ ಮಿಗಿಲಾಗಿ ನೀರು. ಕಾಗದದ ತೇವ ಎರಡು ಪಟ್ಟಾದರೆ ಅದು ಮುದಿಯಾಗುವ ವೇಗವೂ ಹೆಚ್ಚುಕಡಿಮೆ ಎರಡು ಪಟ್ಟು. ಇನ್ನೂ ಕಷ್ಟದ ಸಂಗತಿ ಎಂದರೆ ಸರಪಳಿ ಮುರಿದು ಕೊಳೆಯುವಾಗ ಹೊಸ ನೀರೂ ಆಮ್ಲವೂ ಹುಟ್ಟುತ್ತವೆ. ಖನಿಜ ತೈಲ ಆ ನೀರನ್ನು ಹೊತ್ತೊಯ್ಯಲಾರದ್ದರಿಂದ ಕಾಗದ ತನ್ನ ನೀರಿನಲ್ಲೇ ನೆನೆಯುತ್ತದೆ.

ನೈಸರ್ಗಿಕ ಎಸ್ಟರ್ ಈ ಸುಳಿಯನ್ನು ಎರಡು ಕಡೆ ಕಡಿಯುತ್ತದೆ. ನೀರನ್ನು ಕಾಗದದಿಂದ ಎಳೆದುಕೊಳ್ಳುವುದು ಒಂದು. ಎಳೆದುಕೊಂಡ ನೀರು ಬಿಸಿಯಲ್ಲಿ ಎಸ್ಟರಿನೊಂದಿಗೇ ವರ್ತಿಸಿ ಮುಗಿದುಹೋಗುವುದು ಇನ್ನೊಂದು. ಈ ಕ್ರಿಯೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಮುಂತಾದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಆದ್ದರಿಂದ ಪರೀಕ್ಷೆಯಲ್ಲಿ ಆಮ್ಲೀಯತೆ ಖನಿಜ ತೈಲಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ. ಆದರೆ ಇವು ಮಂದ ಆಮ್ಲಗಳು; ಫಾರ್ಮಿಕ್, ಅಸಿಟಿಕ್ ಆಮ್ಲಗಳ ಹಾಗೆ ಕಾಗದಕ್ಕೆ ನುಗ್ಗಿ ಕತ್ತರಿಸುವಂಥವಲ್ಲ. ಕೆಲವು ಸೆಲ್ಯುಲೋಸಿಗೇ ಅಂಟಿಕೊಂಡು ನೀರಿಗೆ ಅಡ್ಡ ನಿಲ್ಲುತ್ತವೆ ಎಂದೂ ಪ್ರಯೋಗಗಳು ಸೂಚಿಸಿವೆ.

ಇದರ ಫಲವನ್ನು ಡಿಗ್ರಿಯಲ್ಲಿ ಹೇಳುವುದು ರೂಢಿ: ಅಷ್ಟೇ ಆಯುಸ್ಸಿಗೆ ಕಾಗದ ಸುಮಾರು 15ರಿಂದ 20 ಡಿಗ್ರಿ ಹೆಚ್ಚು ಬಿಸಿ ತಾಳುತ್ತದೆ. ಸಾದಾ ಕ್ರಾಫ್ಟ್ ಕಾಗದ ಖನಿಜ ತೈಲದಲ್ಲಿ ತನ್ನ ಅತಿ ಬಿಸಿಯಾದ ಜಾಗದಲ್ಲಿ 98 ಡಿಗ್ರಿ ಇದ್ದಾಗ ಒಂದು ವೇಗದಲ್ಲಿ ಮುದಿಯಾಗುತ್ತದೆ. ಪ್ರತಿ 6 ಡಿಗ್ರಿ ಏರಿದಂತೆ ಆ ವೇಗ ಇಮ್ಮಡಿ. ಬೇಸಿಗೆಯಲ್ಲಿ ಎಲ್ಲ ಪಂಪ್‌ಸೆಟ್ಟುಗಳೂ ಒಟ್ಟಿಗೆ ಓಡಿ ಆ ಜಾಗ 110 ಡಿಗ್ರಿಗೆ ಏರಿದರೆ ವೇಗ ನಾಲ್ಕು ಪಟ್ಟು, ಒಂದು ದಿನದಲ್ಲಿ ನಾಲ್ಕು ದಿನದ ಆಯುಸ್ಸು ಖರ್ಚು. ನೈಸರ್ಗಿಕ ಎಸ್ಟರಿನಲ್ಲಿ ಅದೇ 110 ಡಿಗ್ರಿಯಲ್ಲೂ ಕಾಗದ ತನ್ನ ಸಹಜ ವೇಗದ ಒಳಗೇ ಉಳಿಯುತ್ತದೆ.

ಈ ಲಾಭ ಹೆಚ್ಚಾಗಿ ಬಂದಿರುವುದು ಮುಚ್ಚಿದ ಪಾತ್ರೆಗಳಲ್ಲಿ 150 ಡಿಗ್ರಿ ಮೀರಿ ಕಾಯಿಸಿದ ಪ್ರಯೋಗಗಳಿಂದ ಎಂಬುದನ್ನು ಮರೆಯುವಂತಿಲ್ಲ. ಜತೆಗೆ, ಹಳ್ಳಿಯ ಎಷ್ಟೋ ಟಿಸಿಗಳು ಕಾಗದ ಮುದಿಯಾಗುವವರೆಗೆ ಬದುಕುವುದೇ ಇಲ್ಲ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ, ಸಿಡಿಲು, ಸೋರಿ ಇಳಿದ ಎಣ್ಣೆ, ಎಣ್ಣೆ ಕಳ್ಳತನ ಅವುಗಳನ್ನು ಮೊದಲೇ ಮುಗಿಸುತ್ತವೆ. ಅಲ್ಲಿ ದುಬಾರಿ ಎಸ್ಟರ್ ತುಂಬಿದರೆ ದುಡ್ಡು ದಂಡ. ರಕ್ಷಣೆ ಸರಿಯಿದ್ದು ಲೋಡು ಮಾತ್ರ ವರ್ಷವರ್ಷ ಏರುತ್ತಿರುವ ನಗರದ ಟ್ರಾನ್ಸ್‌ಫಾರ್ಮರಿನಲ್ಲಿ ಅದೇ ಖರ್ಚು ಮರಳಿ ಬರುತ್ತದೆ.

ಎಸ್ಟರಿಗೂ ತನ್ನದೇ ದೌರ್ಬಲ್ಯಗಳಿವೆ. 40 ಡಿಗ್ರಿಯಲ್ಲಿ ನೈಸರ್ಗಿಕ ಎಸ್ಟರಿನ ಸ್ನಿಗ್ಧತೆ ಖನಿಜ ತೈಲದ ಮೂರು ಪಟ್ಟಿನಷ್ಟಿದ್ದು, ಮಂದವಾಗಿ ಹರಿಯುತ್ತದೆ. ರೇಡಿಯೇಟರು ಅದಕ್ಕೆ ತಕ್ಕ ಹಾಗಿರಬೇಕು. ಗಾಳಿ ತಾಗುತ್ತಲೇ ಇದ್ದರೆ ಬೀಜದೆಣ್ಣೆ ಗಟ್ಟಿಯಾಗುತ್ತದೆ, ತೆಳುವಾಗಿ ಅಂಟಿದ ಕಡೆ ಜಿಗುಟು ಪೊರೆ ಕಟ್ಟುತ್ತದೆ. ಆದ್ದರಿಂದ ಸಿಲಿಕಾ ಜೆಲ್ ಬ್ರೀದರಿನ ಮೂಲಕ ಉಸಿರಾಡುವ ತೊಟ್ಟಿ ಅದಕ್ಕೆ ಸಲ್ಲದು, ಪೂರ್ತಿ ಮುಚ್ಚಿದ ತೊಟ್ಟಿ ಬೇಕು. ಸಂಶ್ಲೇಷಿತ ಎಸ್ಟರ್ ಗಾಳಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಅದರ ಬೆಲೆ ಇನ್ನೂ ಹೆಚ್ಚು.

ಹಳೆಯ ಟ್ರಾನ್ಸ್‌ಫಾರ್ಮರಿನ ಖನಿಜ ತೈಲ ಬಸಿದು ಎಸ್ಟರ್ ತುಂಬುವ ಕ್ರಮವೂ ಇದೆ. ಎರಡೂ ಯಾವ ಪ್ರಮಾಣದಲ್ಲಾದರೂ ಬೆರೆಯುವುದರಿಂದ ಕೆಲಸ ಸುಲಭ ಅನ್ನಿಸುತ್ತದೆ. ಆದರೆ ನೈಸರ್ಗಿಕ ಎಸ್ಟರಿನಲ್ಲಿ ಶೇ. 7ರಷ್ಟು ಖನಿಜ ತೈಲ ಸೇರಿದರೂ ಅದರ ಫೈರ್ ಪಾಯಿಂಟ್ 300 ಡಿಗ್ರಿಯ ಗೆರೆಗೆ ಇಳಿಯುತ್ತದೆ. 180 ಲೀಟರಿನ ತೊಟ್ಟಿಯಲ್ಲಿ ಇದು ಹನ್ನೆರಡೂವರೆ ಲೀಟರ್. ಕಾಗದ ಹೀರಿಕೊಂಡದ್ದು, ರೇಡಿಯೇಟರಿನ ಮೂಲೆಯಲ್ಲಿ ನಿಂತದ್ದು ಸೇರಿದರೆ ಅಷ್ಟು ಉಳಿಯುವುದು ಕಷ್ಟವಲ್ಲ. ಆದ್ದರಿಂದ ಬಸಿದ ಮೇಲೆ ಬಿಸಿ ಎಸ್ಟರಿನಿಂದ ಒಮ್ಮೆ ತೊಳೆದು, ಆ ತೊಳೆದದ್ದನ್ನು ಹೊರಚೆಲ್ಲಿ, ನಿರ್ವಾತದಲ್ಲಿ ತುಂಬಿ, ಕೆಲವು ತಿಂಗಳ ಬಳಿಕ ಮಾದರಿ ತೆಗೆದು ಫೈರ್ ಪಾಯಿಂಟನ್ನು ಮತ್ತೆ ಅಳೆಯಬೇಕು. ಕೊನೆಗೆ ತೊಟ್ಟಿಯ ಮೇಲೆ ದ್ರವದ ಹೆಸರನ್ನು ದೊಡ್ಡದಾಗಿ ಬರೆಯುವುದು ಅಗತ್ಯ. ಮುಂದೆ ಮಟ್ಟ ಇಳಿದಾಗ ಲೈನ್‌ಮನ್ ಉಗ್ರಾಣದ ಪೀಪಾಯಿಯಿಂದ ತಂದು ಸುರಿಯುವುದು ಬಹುಮಟ್ಟಿಗೆ ಖನಿಜ ತೈಲವನ್ನೇ.